ಮೀಟಿಂಗ್ ಮುಗಿದ ಮೇಲೆ ಎಬ್ಬಿಸಿ

ನಮ್ಮ ತಂಡದ ಹುಡುಗಿಯೊಬ್ಬಳು ಕಣ್ಣುರಿ ತಾಳಲಾರದೆ ಲ್ಯಾಪ್‌ಟಾಪಿಗೆ ಸ್ಟ್ರೆಚ್ಲಿ ಎಂಬ ಉಚಿತ ತಂತ್ರಾಂಶ ಹಾಕಿಕೊಂಡಳು. ಮೂರನೆಯ ದಿನ ಗ್ರಾಹಕರಿಗೆ ಲೆಕ್ಕ ತೋರಿಸುತ್ತಿದ್ದಾಗಲೇ ವಿಶ್ರಾಂತಿಯ ಸೂಚನೆ ಬಂದು ಪರದೆಯನ್ನೇ ಮುಚ್ಚಿತು. ಅವತ್ತೇ ಅದನ್ನು ಕಿತ್ತುಹಾಕಿದಳು. ಕಣ್ಣುರಿ ಮಾತ್ರ ಉಳಿಯಿತು.

ಪರದೆ ನೋಡುತ್ತ ಕೂತವರು ರೆಪ್ಪೆ ಬಡಿಯುವುದೇ ಕಡಿಮೆ, ಹಾಗಾಗಿ ಕಣ್ಣು ಒಣಗುತ್ತದೆ. ಹತ್ತಿರದ್ದನ್ನೇ ನೋಡುವುದಕ್ಕೆ ಕಣ್ಣೊಳಗಿನ ಸಣ್ಣ ಸ್ನಾಯು ಬಿಗಿಹಿಡಿದೇ ಇರಬೇಕು. 20 ನಿಮಿಷಕ್ಕೊಮ್ಮೆ 20 ಅಡಿ ದೂರಕ್ಕೆ 20 ಸೆಕೆಂಡು ನೋಡಿ ಎಂದು ಕಣ್ಣಿನ ವೈದ್ಯರು ಹೇಳುವುದು ಇದಕ್ಕೇ. ಅಷ್ಟು ದೂರ ನೋಡುವಾಗ ಆ ಸ್ನಾಯು ಸಡಿಲಗೊಳ್ಳುತ್ತದೆ.

ಅವಳನ್ನು ಒಪ್ಪಿಸಿ ಮತ್ತೆ ಹಾಕಿಸಿದೆ. ಸ್ಟ್ರೆಚ್ಲಿ ತಾನಾಗಿ 10 ನಿಮಿಷಕ್ಕೊಮ್ಮೆ ಕರೆಯುತ್ತದೆ. ಅದನ್ನು 20ಕ್ಕೆ ಏರಿಸಿದೆವು. ಎರಡು ಸಣ್ಣ ವಿರಾಮ ಕಳೆದು, ಗಂಟೆ ತುಂಬುವಾಗ 5 ನಿಮಿಷದ ದೊಡ್ಡ ವಿರಾಮ. ಸಣ್ಣದರಲ್ಲಿ ಕಿಟಕಿಯಾಚೆ ನೋಡುತ್ತ ಬೆನ್ನನ್ನು ಕುರ್ಚಿಗೆ ಆನಿಸಿ, ಕಿವಿಯತ್ತ ಏರಿದ ಭುಜ ಇಳಿಸಿ, ಪಾದವನ್ನು ನೆಲಕ್ಕೂರುತ್ತಾಳೆ. ದೊಡ್ಡದರಲ್ಲಿ ಬಾಟಲಿ ಹಿಡಿದು ಎದ್ದು ನಡೆಯುತ್ತಾಳೆ. ಲ್ಯಾಪ್‌ಟಾಪಿನ ಕೆಳಗೆ ನಾಲ್ಕು ದಪ್ಪ ಪುಸ್ತಕ ಇಟ್ಟು, ಬೇರೆ ಕೀಬೋರ್ಡ್ ಜೋಡಿಸಿದ ಮೇಲೆ ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬಂತು. ಕತ್ತು ಬಗ್ಗಿಸುವುದು ತಪ್ಪಿತು.

ಇನ್ನು ಮೀಟಿಂಗಿನ ಮಾತು. ಕಂಪ್ಯೂಟರಿನಲ್ಲಿ ‘ಡು ನಾಟ್ ಡಿಸ್ಟರ್ಬ್’ ಒತ್ತಿದರೆ ಸ್ಟ್ರೆಚ್ಲಿಯೂ ಸುಮ್ಮನಾಗುತ್ತದೆ. ತೊಂದರೆಯೆಂದರೆ ಮುಗಿದ ಮೇಲೆ ತೆಗೆಯಲು ಮರೆಯುವುದು. ಊಟದ ಹೊತ್ತಾದರೂ ಒಂದು ಸೂಚನೆಯೂ ಬರದಿದ್ದರೆ ಮರೆತಿದ್ದೀರಿ ಎಂದೇ ಅರ್ಥ. ಇನ್ನೊಂದು ತೊಂದರೆ ಅಷ್ಟು ಸುಲಭವಾಗಿ ಕಣ್ಣಿಗೆ ಬೀಳದು. 5 ನಿಮಿಷ ಮೌಸು, ಕೀಲಿ ಮುಟ್ಟದಿದ್ದರೆ ನೀವು ಎದ್ದು ಹೋದಿರೆಂದುಕೊಂಡು ಸ್ಟ್ರೆಚ್ಲಿ ಲೆಕ್ಕವನ್ನು ಮೊದಲಿಂದ ಶುರುಮಾಡುತ್ತದೆ. ಮೀಟಿಂಗಿನಲ್ಲಿ ಬರೀ ಕೇಳುತ್ತ ಕೂತವರ ಕಣ್ಣು ಪರದೆಯ ಮೇಲೇ ಇರುತ್ತದೆಂದು ಅದಕ್ಕೆ ತಿಳಿಯದು. ಆದ್ದರಿಂದ ಕರೆ ಮುಗಿದ ಕೂಡಲೇ ಅವಳು ಅದರ ಮೆನುವಿನಿಂದ ತಾನೇ ದೊಡ್ಡ ವಿರಾಮ ಶುರುಮಾಡಿ ಎದ್ದುಬಿಡುತ್ತಾಳೆ. ತಪ್ಪಿದ ಸಣ್ಣ ವಿರಾಮಗಳೆಲ್ಲ ಅದರಲ್ಲೇ ತೀರುತ್ತವೆ.

ಒಂದರ ಬೆನ್ನಿಗೊಂದು ಮೀಟಿಂಗ್ ಇದ್ದರೆ ಏಳುವುದಾದರೂ ಯಾವಾಗ? ಗೂಗಲ್ ಕ್ಯಾಲೆಂಡರಿನಲ್ಲಿ ‘ಸ್ಪೀಡಿ ಮೀಟಿಂಗ್ಸ್’ ಎಂಬ ಆಯ್ಕೆಯಿದೆ. ಅದು ಅರ್ಧ ಗಂಟೆಯ ಮೀಟಿಂಗನ್ನು 25 ನಿಮಿಷಕ್ಕೂ ಒಂದು ಗಂಟೆಯದನ್ನು 50ಕ್ಕೂ ಇಳಿಸುತ್ತದೆ. ಔಟ್‌ಲುಕ್‌ನಲ್ಲೂ ಇಂಥದ್ದೇ ಸೌಲಭ್ಯವಿದೆ. 11ಕ್ಕೆ ಅವಳು ಕರೆದ ಮೀಟಿಂಗ್ ಈಗ 11.25ಕ್ಕೆ ಮುಗಿಯುತ್ತದೆ, 11.30ರದ್ದಕ್ಕೆ ಮೊದಲು ಕಾರಿಡಾರಿನ ತುದಿಯವರೆಗೆ ಹೋಗಿಬರುತ್ತಾಳೆ. ಬೇರೆಯವರು ಕರೆದ ಮೀಟಿಂಗಿಗೆ ಇದು ನಡೆಯದು. ಅಂಥವುಗಳಲ್ಲಿ ತಾನು ಮಾತಾಡಬೇಕಿಲ್ಲದಿದ್ದರೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕಿಟಕಿಯ ಹತ್ತಿರ ನಿಂತೇ ಕೇಳುತ್ತಾಳೆ, ಎದುರಿನ ಹೊಂಗೆ ಮರ ನೋಡುತ್ತ.