ಅಂಚು ನೋಡಿ ಮಗ್ಗ ಹೇಳಬಹುದೇ?

ಇಳಕಲ್ ಸೀರೆಯನ್ನು ಮೊಬೈಲಿನಲ್ಲಿ ತೋರಿಸಿ ಮಾರುವವರ ಬಳಿ ಈಗ ಒಂದು ಮಾತು ಸದಾ ಸಿದ್ಧವಾಗಿರುತ್ತದೆ. ‘ನೂಲು ಅಲ್ಲಲ್ಲಿ ದಪ್ಪಗಿದ್ದರೆ, ನೇಯ್ಗೆಯಲ್ಲಿ ಗೀಟು ಕಂಡರೆ ಅದು ದೋಷವಲ್ಲ, ಕೈಮಗ್ಗದ ಗುರುತು.’ ಕೊಳ್ಳುವವರೂ ಇದನ್ನು ನಂಬಿ, ಚಿತ್ರವನ್ನು ಹಿಗ್ಗಿಸಿ ದಪ್ಪ ಎಳೆ ಹುಡುಕುತ್ತಾರೆ. ಸಿಕ್ಕರೆ ಸಮಾಧಾನ.

ಆದರೆ ಮಗ್ಗ ನೂಲು ತೆಗೆಯುವುದಿಲ್ಲ, ಬಂದ ನೂಲನ್ನು ನೇಯುತ್ತದೆ. ಇಂದು ಕೈಮಗ್ಗಕ್ಕೆ ಹೋಗುವ ಹತ್ತಿಯ ನೂಲಿನಲ್ಲಿ ಬಹುಪಾಲು ಗಿರಣಿಯದೇ. ಅದು ಮೊದಲಿಂದ ಕೊನೆಯವರೆಗೆ ಒಂದೇ ದಪ್ಪ ಇರುತ್ತದೆ. ಕೈಯಲ್ಲಿ ನೂತ ಖಾದಿ ನೂಲಿನ ಕತೆ ಬೇರೆ. ಅತ್ತ ಗಿರಣಿಗಳೇ ಬೇಕೆಂದು ಅಲ್ಲಲ್ಲಿ ಉಬ್ಬಿದ ನೂಲನ್ನೂ ತಯಾರಿಸುತ್ತವೆ, ವ್ಯಾಪಾರದಲ್ಲಿ ಅದಕ್ಕೆ ಸ್ಲಬ್ ನೂಲು ಎನ್ನುತ್ತಾರೆ. ಅದನ್ನು ವಿದ್ಯುತ್ ಮಗ್ಗಕ್ಕೆ ಹಾಕಿದರೆ ‘ಕೈಮಗ್ಗದ ಕಳೆ’ ಇರುವ ಬಟ್ಟೆ ಗಜಗಟ್ಟಲೆ ಬರುತ್ತದೆ. ಹಾಗಾಗಿ ಎಳೆ ದಪ್ಪವೋ ತೆಳುವೋ ಎಂದು ನೋಡಿ ಪ್ರಯೋಜನವಿಲ್ಲ. ಒಂದು ಎಳೆಗೂ ಇನ್ನೊಂದು ಎಳೆಗೂ ನಡುವಿನ ಜಾಗವನ್ನು ನೋಡಬೇಕು.

ಕುಣಿಮಗ್ಗದಲ್ಲಿ ಲಾಳಿ ಒಮ್ಮೆ ಹಾದುಹೋದ ಮೇಲೆ ನೇಕಾರ ಹಣಿಗೆಯನ್ನು ಕೈಯಲ್ಲಿ ತನ್ನತ್ತ ಎಳೆದು ಹೊಕ್ಕಿನ ಎಳೆಯನ್ನು ಬಡಿದು ಕೂರಿಸುತ್ತಾನೆ. ಆ ಬಡಿತದ ಬಲ ಎಷ್ಟು ಪಳಗಿದ ಕೈಯಾದರೂ ಕೊಂಚ ಹೆಚ್ಚುಕಡಿಮೆ ಆಗಿಯೇ ಆಗುತ್ತದೆ. ಇಷ್ಟು ನೇಯ್ದಾದ ಮೇಲೆ ಅವನು ಕೈ ನಿಲ್ಲಿಸಿ, ಬಟ್ಟೆಯನ್ನು ಮುಂದಿನ ದಿಂಡಿಗೆ ಸುತ್ತಿ, ಹಾಸನ್ನು ಮತ್ತೆ ಬಿಗಿ ಮಾಡಿಕೊಳ್ಳಬೇಕು. ಹಾಗೆ ನಿಲ್ಲಿಸಿ ಶುರು ಮಾಡಿದಲ್ಲೆಲ್ಲ ಎಳೆಗಳು ಒತ್ತಾಗುತ್ತವೆ, ಇಲ್ಲವೇ ತುಸು ಬಿಡಿಯಾಗುತ್ತವೆ. ಬೆಳಕಿಗೆ ಹಿಡಿದರೆ ಅಡ್ಡಕ್ಕೆ ತೆಳುವಾದ ಪಟ್ಟಿಗಳು ಕಾಣುತ್ತವೆ. ಈ ಪಟ್ಟಿಗಳ ನಡುವಿನ ಅಂತರ ನೇಕಾರನ ಕೈ ಅಳತೆಗೆ ತಕ್ಕಂತೆ ಇರುತ್ತದೆ, ಒಂದೊಂದು ಗೇಣಿಗೆ ಒಂದು ಎಂಬಂತೆ. ವಿದ್ಯುತ್ ಮಗ್ಗದಲ್ಲಿ ಈ ಕೆಲಸವನ್ನು ಹಲ್ಲಿನ ಚಕ್ರ ಮಾಡುತ್ತದೆ. ಪ್ರತಿ ಎಳೆಗೂ ಬಟ್ಟೆ ಒಂದೇ ಅಳತೆಯಷ್ಟು ಮುಂದೆ ಸರಿಯುತ್ತದೆ. ಎಳೆ ಹರಿದು ಯಂತ್ರ ನಿಂತು ಮತ್ತೆ ಹೊರಟಾಗ ಅಲ್ಲೂ ಒಂದು ಗೀಟು ಬೀಳುವುದುಂಟು. ಆದರೆ ಅದು ಎಲ್ಲೋ ಒಂದು ಕಡೆ, ಲಯವಿಲ್ಲದೆ.

ಇದನ್ನು ಚಿತ್ರದಲ್ಲೇ ಎಣಿಸಬಹುದು. ಸೀರೆಯ ಒಡಲಿನ ಮೇಲೆ ಉದ್ದಕ್ಕೆ ಅಳತೆಪಟ್ಟಿ ಇಟ್ಟು, ಗೇಣು ಗೇಣು ದೂರದ ಮೂರು ಕಡೆ ಹತ್ತಿರದಿಂದ ಚಿತ್ರ ತೆಗೆಸಿಕೊಳ್ಳಬೇಕು. ಒಂದು ಅಂಗುಲದೊಳಗೆ ಎಷ್ಟು ಹೊಕ್ಕಿನ ಎಳೆ ಇವೆ ಎಂದು ಎಣಿಸಿ ಮೂರನ್ನೂ ಹೋಲಿಸಿದರೆ ಆಯಿತು. ಒಂದು ಎಚ್ಚರಿಕೆ ಮಾತ್ರ ಬೇಕು. ದೂರದಿಂದ ತೆಗೆದ ಚಿತ್ರವನ್ನು ಹಿಗ್ಗಿಸಿದರೆ ನೀರಿನಲೆಯಂಥ ಬಣ್ಣದ ಸುಳಿಗಳು ಕಾಣುತ್ತವೆ. ಬಟ್ಟೆಯ ಚೌಕುಳಿ ಮತ್ತು ಕ್ಯಾಮೆರಾದ ಚುಕ್ಕೆಗಳ ಸಾಲು ಒಂದಕ್ಕೊಂದು ಹೊಂದದೆ ಆಗುವ ಚಮತ್ಕಾರವದು. ಅದನ್ನು ನೇಯ್ಗೆಯ ಏರಿಳಿತ ಎಂದು ನಂಬಿ ದುಡ್ಡು ಕೊಟ್ಟವರಿದ್ದಾರೆ.

ಇನ್ನು ಬದಿಯಂಚು. ಇಲ್ಲಿ ಅಂಚು ಎಂದರೆ ಬಣ್ಣದ ದಡಿಯಲ್ಲ, ಬಟ್ಟೆಯ ಎರಡೂ ಬದಿಯಲ್ಲಿ ಹೊಕ್ಕಿನ ಎಳೆ ಹೊರಳಿ ಒಳಗೆ ಹೋಗುವ ಕಟ್ಟಕಡೆಯ ಜಾಗ. ಲಾಳಿಯಲ್ಲಿ ನೇಯ್ದರೆ ಎಳೆ ತುಂಡಾಗದೆ ಹೊರಳಿಕೊಂಡು ಬರುತ್ತದೆ. ರೇಪಿಯರ್, ಏರ್‌ಜೆಟ್, ವಾಟರ್‌ಜೆಟ್‌ನಂಥ ಲಾಳಿಯಿಲ್ಲದ ಯಂತ್ರಗಳಲ್ಲಿ ಪ್ರತಿ ಎಳೆಯೂ ಬದಿಯಲ್ಲಿ ಕತ್ತರಿಸಲ್ಪಡುತ್ತದೆ. ಅಂಚಿನಾಚೆ ಸಣ್ಣ ಸಣ್ಣ ನೂಲಿನ ತುದಿಗಳು ಹಲ್ಲುಜ್ಜುವ ಬ್ರಷ್ಷಿನಂತೆ ನಿಂತಿರುತ್ತವೆ. ಅವು ಕಳಚದಂತೆ ಒಳಗಡೆ ಒಂದೆರಡು ಎಳೆಗಳನ್ನು ಹೊಸೆದು ಬಿಗಿದಿರುತ್ತಾರೆ. ಅಗಲವಾದ ಯಂತ್ರದಲ್ಲಿ ಎರಡು ಸೀರೆಗಳನ್ನು ಪಕ್ಕಪಕ್ಕದಲ್ಲಿ ನೇಯ್ದು ನಡುವೆ ಕತ್ತರಿಸುವುದೂ ಉಂಟು. ಕೈಮಗ್ಗದ್ದು ಎನ್ನುವ ಸೀರೆಗೆ ಇಂಥ ಅಂಚಿದ್ದರೆ ಮಾತು ಅಲ್ಲಿಗೇ ಮುಗಿಯಿತು.

ಆದರೆ ಇದರ ವಿರುದ್ಧ ದಿಕ್ಕಿನ ತೀರ್ಮಾನ ಮಾಡುವಂತಿಲ್ಲ. ಅಂಚು ನಯವಾಗಿದೆ, ಎಳೆ ಹೊರಳಿ ಬಂದಿದೆ, ಆದ್ದರಿಂದ ಕೈಮಗ್ಗ ಎಂದುಬಿಟ್ಟರೆ ತಪ್ಪು. ರಬಕವಿ–ಬನಹಟ್ಟಿಯಲ್ಲೂ ದೊಡ್ಡಬಳ್ಳಾಪುರದಲ್ಲೂ ಇಚಲಕರಂಜಿಯಲ್ಲೂ ಸದ್ದು ಮಾಡುತ್ತ ಬಂದ ಹಳೆಯ ಬಗೆಯ ವಿದ್ಯುತ್ ಮಗ್ಗಗಳಲ್ಲೂ ಲಾಳಿಯೇ ಓಡುತ್ತದೆ. ಅವುಗಳ ಅಂಚೂ ಹಾಗೆಯೇ ಇರುತ್ತದೆ. ಇಲ್ಲಿ ನನಗೆ ಹೆಚ್ಚು ನಂಬಿಕೆ ಇರುವುದು ಅಂಚಿನ ಪಕ್ಕದ ತೂತುಗಳ ಮೇಲೆ. ನೇಯುವಾಗ ಬಟ್ಟೆಯ ಅಗಲ ಕುಗ್ಗದಂತೆ ಎರಡೂ ಬದಿಗೆ ಎಳೆದು ಹಿಡಿಯಬೇಕಾಗುತ್ತದೆ. ಕೈಮಗ್ಗದಲ್ಲಿ ಇದಕ್ಕೆ ತುದಿಯಲ್ಲಿ ಮುಳ್ಳುಗಳಿರುವ ಕಡ್ಡಿಯನ್ನು ಬಟ್ಟೆಯ ಅಡ್ಡಕ್ಕೆ ಚುಚ್ಚಿ, ಒಂದೆರಡು ಅಂಗುಲ ನೇಯ್ದ ಮೇಲೆ ಕಿತ್ತು ಮುಂದಕ್ಕೆ ಚುಚ್ಚುತ್ತಾರೆ. ಹಾಗಾಗಿ ತೂತುಗಳು ಬಿಟ್ಟು ಬಿಟ್ಟು, ಗುಂಪಾಗಿ, ಎರಡೂ ಅಂಚಿನಲ್ಲಿ ಎದುರುಬದುರಾಗಿ ಬೀಳುತ್ತವೆ. ವಿದ್ಯುತ್ ಮಗ್ಗದಲ್ಲಿ ಆ ಕೆಲಸಕ್ಕೆ ಮುಳ್ಳಿನ ಉಂಗುರಗಳು ಬಟ್ಟೆಯ ಜೊತೆ ತಿರುಗುತ್ತಲೇ ಇರುತ್ತವೆ. ಅಲ್ಲಿ ತೂತುಗಳ ಸಾಲು ಎಲ್ಲೂ ಕಡಿಯದೆ ಸೀರೆಯ ಉದ್ದಕ್ಕೂ ಸಾಗುತ್ತದೆ. ರೇಷ್ಮೆಯಲ್ಲಿ ಇವು ಚೆನ್ನಾಗಿ ಉಳಿಯುತ್ತವೆ. ಗಂಜಿ ಹಾಕಿ ಇಸ್ತ್ರಿ ಮಾಡಿದ ಹತ್ತಿಯಲ್ಲಿ ಮುಚ್ಚಿಹೋಗಬಹುದು. ತೊಳೆದು ಉಟ್ಟ ಸೀರೆಯಲ್ಲಂತೂ ಹುಡುಕಲೇಬಾರದು.

ಇಳಕಲ್ ಸೀರೆಯ ವಿಷಯದಲ್ಲಿ ಇನ್ನೊಂದು ಸಾಕ್ಷಿ ಹಿಂಬದಿಯಲ್ಲಿದೆ. ಸಾಂಪ್ರದಾಯಿಕ ಇಳಕಲ್‌ನ ಒಡಲಿನ ಹಾಸು ಒಂದು, ಸೆರಗಿನ ಹಾಸು ಇನ್ನೊಂದು. ಒಡಲು ಹತ್ತಿಯದೋ ಚಮಕಾದ್ದೋ ಆಗಿ ಯಾವ ಬಣ್ಣದಲ್ಲಾದರೂ ಇರಬಹುದು, ಸೆರಗು ಮಾತ್ರ ಕೆಂಪು ರೇಷ್ಮೆ. ಒಡಲಿನ ಹಾಸಿನ ಎಳೆಗಳನ್ನು ಕುಣಿಕೆ ಮಾಡಿ, ಸೆರಗಿನ ರೇಷ್ಮೆ ಎಳೆಗಳ ಕುಣಿಕೆಗೆ ಸಿಕ್ಕಿಸುತ್ತಾರೆ. ಹೀಗೆ ಹಾಸಿನ ಉದ್ದಗಲಕ್ಕೂ ಮಾಡಿದ ಮೇಲೆ ಸೆರಗು ನೇಯಬೇಕು. ಇದೇ ಕೊಂಡಿ, ಇದರಿಂದ ಬರುವುದೇ ಟೋಪ ತೆನಿ ಸೆರಗು. ಒಂದೊಂದು ಸೀರೆಗೂ ಕೊಂಡಿ ಹಾಕಬೇಕಾದ್ದರಿಂದ ಹಾಸನ್ನೂ ಒಂದು ಸೀರೆಯ ಅಳತೆಗೇ ತಯಾರಿಸುತ್ತಾರೆ. ಹತ್ತಾರು ಸೀರೆಗಳ ಉದ್ದದ ಹಾಸು ಸುತ್ತಿಕೊಂಡು ಓಡುವ ಯಂತ್ರವನ್ನು ಪ್ರತಿ ಸೀರೆಗೂ ನಿಲ್ಲಿಸಿ ಸಾವಿರಾರು ಕುಣಿಕೆ ಹಾಕುತ್ತ ಕೂತರೆ ಅದನ್ನು ಓಡಿಸಿದವನಿಗೆ ಏನು ಗಿಟ್ಟೀತು?

ಅದಕ್ಕೇ ನಕಲು ಸೀರೆಯಲ್ಲಿ ಹಾಸು ಒಂದೇ. ನೀಲಿ ಒಡಲಾದರೆ ಸೆರಗಿನೊಳಗೂ ನೀಲಿ ಹಾಸೇ ಮುಂದುವರಿಯುತ್ತದೆ, ಅದರ ಮೇಲೆ ಕೆಂಪು ಹೊಕ್ಕನ್ನು ಒತ್ತಾಗಿ ಬಡಿದು ಮುಚ್ಚಿರುತ್ತಾರೆ. ಮುಂಭಾಗದಿಂದ ಕೆಂಪು ಎನಿಸುತ್ತದೆ. ಸೆರಗಿನ ಕಡೇ ತುದಿಯಲ್ಲಿ ನೇಯದೆ ಬಿಟ್ಟ ಎಳೆಗಳನ್ನು ನೋಡಿದರೆ ಬಣ್ಣ ಬಯಲು.

ಅಕ್ಕನ ಮಗಳು ಮೊನ್ನೆ ಇಂಥದೇ ಒಂದು ಸೀರೆಯ ಚಿತ್ರಗಳನ್ನು ಕಳಿಸಿ ‘ಮಾಮಾ, ಇದು ಖರೇನೂ ಕೈಮಗ್ಗದ್ದೇನು?’ ಎಂದು ಕೇಳಿದಳು. ಸಾಗರದ ಬಣ್ಣದ ಒಡಲು, ಕೆಂಪು ಸೆರಗು, ಗೋಮಿ ದಡಿ. ಮಾರುವವರು ಕಳಿಸಿದ್ದೆಲ್ಲ ಮುಂಭಾಗದ ಚಂದದ ಚಿತ್ರಗಳು. ಒಡಲಿನ ಮೂರು ಕಡೆ ಅಳತೆಪಟ್ಟಿ ಇಟ್ಟು, ಅಂಚನ್ನು ಹತ್ತಿರದಿಂದ, ಒಡಲು–ಸೆರಗು ಸೇರುವ ಜಾಗವನ್ನು ಹಿಂಬದಿಯಿಂದ, ಸೆರಗಿನ ತುದಿಯ ಎಳೆಗಳನ್ನು ಬಿಡಿಸಿ ಚಿತ್ರ ಕೇಳು ಎಂದೆ. ಪಕ್ಕದಲ್ಲಿ ಅಂದಿನ ತಾರೀಖು ಬರೆದ ಚೀಟಿಯೂ ಇರಲಿ, ಇಲ್ಲದಿದ್ದರೆ ಬೇರೆ ಸೀರೆಯ ಬೆನ್ನು ಬರುತ್ತದೆ ಎಂದೂ ಹೇಳಿದೆ.

ಬಂದವು. ಅಂಚಿನಲ್ಲಿ ಎಳೆ ಹೊರಳಿ ಬಂದಿತ್ತು, ಬ್ರಷ್ಷಿನ ತುದಿಗಳಿರಲಿಲ್ಲ. ಲಾಳಿಯ ಮಗ್ಗ ಎನ್ನುವುದಷ್ಟೇ ಇದರಿಂದ ಗೊತ್ತಾಯಿತು. ಸೆರಗಿನ ತುದಿಯ ಎಳೆಗಳೆಲ್ಲ ನೀಲಿ. ಹಿಂಬದಿಯಲ್ಲಿ ಕೊಂಡಿಯ ಸಾಲು ಇಲ್ಲ, ಎಳೆಗಳು ನೇರ ಸೆರಗಿನೊಳಗೆ ಹೋಗಿದ್ದವು. ‘ಇದು ಕೊಂಡಿ ಹಾಕದ ಕಡಿಮೆ ಬೆಲೆಯ ಕೈಮಗ್ಗದ್ರೀ’ ಎಂದು ಮಾರುವವರು ಉತ್ತರಿಸಿದರು. ಆ ಉತ್ತರ ಸುಳ್ಳೇ ಆಗಬೇಕಿಲ್ಲ. ಕೊಂಡಿಯ ಶ್ರಮ ಉಳಿಸಿ ಒಂದೇ ಹಾಸಿನಲ್ಲಿ ಕೈಮಗ್ಗದಲ್ಲೇ ನೇಯ್ದ ಇಳಕಲ್ ಸೀರೆಗಳೂ ಇವೆ. ಆದ್ದರಿಂದ ಕೊಂಡಿ ಇಲ್ಲವೆಂದು ಸೀರೆಯನ್ನು ತಳ್ಳಿಹಾಕಲಿಲ್ಲ. ಎಣಿಸಿ ನೋಡಿದರೆ ಮೂರೂ ಕಡೆ ಅಂಗುಲಕ್ಕೆ 56 ಎಳೆ, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಅಂಚಿನಿಂದ ಸ್ವಲ್ಪ ಒಳಗೆ ತೂತುಗಳ ಸಾಲು ಚಿತ್ರದ ಆ ತುದಿಯಿಂದ ಈ ತುದಿಗೆ ಕಡಿಯದೆ ಹೋಗಿತ್ತು. ಎಣಿಕೆಯೊಂದೇ ಆಗಿದ್ದರೆ ಪಳಗಿದ ನೇಕಾರ ಎನ್ನಬಹುದಿತ್ತು. ತೂತಿನ ಸಾಲಿಗೆ ಅಂಥ ವಿನಾಯಿತಿ ಇಲ್ಲ. ‘ಇಷ್ಟಾದ್ರೆ ತಗೋ, ಕೈಮಗ್ಗದ ರೇಟು ಮಾತ್ರ ಕೊಡಬ್ಯಾಡ’ ಎಂದೆ.

ಹಿಂಬದಿ ನೋಡುವ ರೂಢಿಯನ್ನು ಬೇರೆ ಸೀರೆಗಳಿಗೂ ಅನ್ವಯಿಸುವಾಗ ಜೋಪಾನ. ಬುಟ್ಟಾ ಇರುವ ಸೀರೆಯ ಬೆನ್ನಲ್ಲಿ ಜರಿಯ ಎಳೆ ಒಂದು ಬುಟ್ಟಾದಿಂದ ಇನ್ನೊಂದಕ್ಕೆ ತೇಲಿಕೊಂಡು ಹೋಗಿದ್ದರೆ ಅಥವಾ ಕತ್ತರಿಸಿದ ತುದಿಗಳಿದ್ದರೆ ‘ಯಂತ್ರದ್ದು’ ಎಂದುಬಿಡುತ್ತಾರೆ. ಕೈಮಗ್ಗದಲ್ಲೂ ಜರಿಯ ಲಾಳಿಯನ್ನು ಅಗಲಕ್ಕೂ ಹಾಯಿಸಿ, ಆಮೇಲೆ ಹಿಂದಿನ ಎಳೆ ಕತ್ತರಿಸುವ ಪದ್ಧತಿ ಹಳೆಯದು. ಪ್ರತಿ ಬುಟ್ಟಾಕ್ಕೂ ಬೇರೆ ಬೇರೆ ಪುಟ್ಟ ಕಂಡಿಕೆ ಬಳಸಿ, ಎಳೆ ಬುಟ್ಟಾದ ಅಂಚಿನಲ್ಲೇ ಹೊರಳಿ ಒಳಗೆ ಹೋಗಿದ್ದರೆ ಅದು ಕೈಕೆಲಸದ ಬಲವಾದ ಸಾಕ್ಷಿ. ತೇಲುವ ಎಳೆ ಯಾವ ಕಡೆಗೂ ಸಾಕ್ಷಿಯಲ್ಲ.

ಚೀಟಿಗಳ ಗೊಂದಲವೂ ಇದೆ. ಸಿಲ್ಕ್ ಮಾರ್ಕ್ ಇದ್ದರೆ ರೇಷ್ಮೆ ಅಸಲಿ ಎಂದಷ್ಟೇ ಅರ್ಥ, ನೇಯ್ದ ಮಗ್ಗ ಯಾವುದೆಂದು ಅದು ಹೇಳದು. ಮಗ್ಗದ ಮಾತು ಹೇಳಲೆಂದೇ 2006ರಲ್ಲಿ ಹ್ಯಾಂಡ್‌ಲೂಮ್ ಮಾರ್ಕ್ ಬಂತು. ಅದಕ್ಕೂ ಮುಂಚೆ 1985ರ ಕಾಯ್ದೆ ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೆಂದೇ ಮೀಸಲಿಟ್ಟಿತು. ಮೊದಲು 22 ಬಗೆ ಇದ್ದದ್ದು ಆಮೇಲೆ 11ಕ್ಕೆ ಇಳಿಯಿತು, ಅದರಲ್ಲಿ ಸೀರೆಯೂ ಇದೆ. ಎಲ್ಲ ಸೀರೆಗಳೂ ಅಲ್ಲ, ನಿಗದಿಯಾದ ನೂಲು ಮತ್ತು ವಿನ್ಯಾಸದವು ಮಾತ್ರ.

ಚಿತ್ರ ಕೈಚೆಲ್ಲುವ ಜಾಗವೂ ಒಂದಿದೆ. ಕೈಮಗ್ಗಕ್ಕೇ ಸಣ್ಣ ಮೋಟಾರು ಕೂರಿಸಿ ಲಾಳಿಯನ್ನೂ ಹಣಿಗೆಯನ್ನೂ ಅದರಿಂದಲೇ ಓಡಿಸುವವರಿದ್ದಾರೆ. ಕಾಲಿಗೆ ದಣಿವಿಲ್ಲ, ದಿನಕ್ಕೆ ಹೆಚ್ಚು ಗಜ. ಅದೇ ಮರದ ಚೌಕಟ್ಟು, ಅದೇ ಹಣಿಗೆ, ಚುಚ್ಚಿ ಕೀಳುವ ಅದೇ ಮುಳ್ಳಿನ ಕಡ್ಡಿ. ತೂತುಗಳು ಬಿಟ್ಟು ಬಿಟ್ಟೇ ಬೀಳುತ್ತವೆ, ಕೊಂಡಿಯನ್ನೂ ಕೈಯಲ್ಲೇ ಹಾಕಿರಬಹುದು. ಕಾಯ್ದೆಯ ಪ್ರಕಾರ ಅದು ಕೈಮಗ್ಗವಲ್ಲ. ಅಂಚು, ಬೆನ್ನು, ಎಣಿಕೆ ಯಾವುದರಿಂದಲೂ ಅದನ್ನು ಹಿಡಿಯಲಾಗದು. ಆ ಸಂಶಯವಿದ್ದರೆ ನೇಕಾರರ ಓಣಿಗೇ ಹೋಗಿ ಮಗ್ಗದ ಪಕ್ಕದಲ್ಲಿ ವಯರು ಇಳಿದಿದೆಯೇ ನೋಡಬೇಕು.