ರೇಷ್ಮೆ ಕುಪ್ಪಸದ ಒಳಮೈ

ಹುನಗುಂದ ತಾಲ್ಲೂಕಿನ ರಾಮಥಾಳ ಹೊರಗಿನವರಿಗೆ ಗೊತ್ತಿರುವುದು ಹನಿ ನೀರಾವರಿ ಯೋಜನೆಯಿಂದ. ಈ ಭಾಗದ ಹೆಂಗಸರಿಗೆ ಮೊದಲಿಂದಲೂ ಸೀರೆ ಎಂದರೆ ಇಳಕಲ್ಲಿನದು, ಕುಪ್ಪಸ ಎಂದರೆ ಗುಳೇದಗುಡ್ಡದ ಖಣದ್ದು. ಈಗ ಖಣದ ಜೊತೆಗೆ ಅಪ್ಪಟ ರೇಷ್ಮೆಯ ತುಂಡೂ ಟೇಲರ್ ಅಂಗಡಿಗೆ ಬರುತ್ತದೆ, ಹಿಂದೆಯೇ ಲೈನಿಂಗ್ ಬೇಕೋ ಬೇಡವೋ ಎಂಬ ತಕರಾರೂ ಬರುತ್ತದೆ. ಅದಕ್ಕೆ ಟೇಲರ್ ಕೊಡುವ ಉತ್ತರ ಇಲ್ಲಿ ಪತ್ರದ ರೂಪದಲ್ಲಿದೆ.

ಅಕ್ಕಾರಿಗೆ ನಮಸ್ಕಾರ.

‘ನಮ್ಮವ್ವ ಅಸ್ತರ ಇಲ್ಲದ ಖಣದ ಕುಪ್ಪಸಾನೇ ತೊಟ್ಟಾಳ, ನನಗ್ಯಾಕ ಬೇಕು?’ ಅಂದಿರಿ. ಕೇಳಿದ್ದು ಸರೀನೇ. ಆದರೆ ಅವರ ಖಣಕ್ಕೆ ಹೊಕ್ಕು ಹತ್ತಿ ನೂಲಿನದು, ಬಟ್ಟೆ ದಪ್ಪ. ಮುಂದೆ ಗಂಟು ಹಾಕುವ ಕುಪ್ಪಸವನ್ನು ಮೈಗೆ ತಕ್ಕಂತೆ ಸಡಿಲಿಸಬಹುದಿತ್ತು. ನೀವು ಲಗ್ನಕ್ಕೆಂದು ಕೊಟ್ಟಿರುವುದು ತೆಳು ರೇಷ್ಮೆ, ಹೇಳಿರುವುದು ಹುಕ್ ಹಾಕುವ ಬಿಗಿ ಬ್ಲೌಸು.

ರೇಷ್ಮೆ ಎಳೆ ನುಣುಪು. ಕೈ ಎತ್ತಿದಾಗ ಕಂಕುಳ ಮತ್ತು ಬೆನ್ನಿನ ಮೇಲೆ ಜಗ್ಗು ಬೀಳುತ್ತದೆ. ಆಗ ಹೊಲಿಗೆ ದಾರ ಹರಿಯುವುದಿಲ್ಲ, ಬಟ್ಟೆಯ ಎಳೆಗಳೇ ಜಾರಿ ಪಕ್ಕದಲ್ಲಿ ಜಾಲರಿ ಬಿಡುತ್ತವೆ. ನಿಮ್ಮ ಹಳೇ ಬ್ಲೌಸಿನ ಹೊಲಿಗೆಯ ಎರಡೂ ಬದಿ ಹಿಡಿದು, ಮೆತ್ತಗೆ ಜಗ್ಗಿ, ಬೆಳಕಿಗೆ ನೋಡ್ರಿ. ಒಮ್ಮೆ ಹಾಗಾದ ಬಟ್ಟೆಗೆ ಮತ್ತೆ ಹೊಲಿಗೆ ಹಾಕಿ ಉಪಯೋಗವಿಲ್ಲ. ಅಸ್ತರ ಕೂಡಿಸಿ ಹೊಲಿದರೆ ಆ ಜಗ್ಗನ್ನು ಹತ್ತಿ ಬಟ್ಟೆ ಹೊರುತ್ತದೆ, ಬೆವರನ್ನೂ ಮೊದಲು ಅದೇ ಹೀರುತ್ತದೆ. ಬೆವರು ನೇರ ತಾಕಿದರೆ ರೇಷ್ಮೆಯ ಬಣ್ಣ ಕಂಕುಳಲ್ಲೇ ಮೊದಲು ಕೆಡುತ್ತದೆ.

ಬೇಸಿಗೆಯ ಸೆಕೆಗೆ ಹೆದರಬೇಡಿರಿ, ತೆಳು ಹತ್ತಿ ಹಾಕುತ್ತೇನೆ. ಪಾಲಿಯೆಸ್ಟರ್ ಅಗ್ಗವಾದರೂ ಬೆವರು ಹೀರುವುದಿಲ್ಲ. ಹತ್ತಿಯನ್ನು ರಾತ್ರಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿಯೇ ಕತ್ತರಿಸಬೇಕು. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಅದು ಕುಗ್ಗಿ, ಮೇಲಿನ ರೇಷ್ಮೆ ಸುಕ್ಕುಗಟ್ಟುತ್ತದೆ. ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ಅಸ್ತರ ಬಣ್ಣ ಬಿಡುತ್ತದೋ ಎಂದೂ ನೋಡುತ್ತೇನೆ.

ಒಳಹೊಲಿಗೆ ಯಾರಿಗೆ ಕಾಣುತ್ತದೆ ಅನ್ನಬೇಡಿರಿ. ಕತ್ತರಿಸಿದ ಅಂಚಿನಿಂದ ರೇಷ್ಮೆ ಎಳೆ ಬಿಚ್ಚುತ್ತಾ ಹೊಲಿಗೆಯ ತನಕ ಬರುತ್ತದೆ, ಅದಕ್ಕೇ ಅಂಚಿಗೆ ಓವರ್‌ಲಾಕ್. ಪಕ್ಕದಲ್ಲಿ ಒಂದು ಇಂಚು ಬಟ್ಟೆ ಬಿಡುತ್ತೇನೆ, ಮುಂದೆ ಸಡಿಲಿಸಬೇಕಾದರೆ ಇರಲಿ ಅಂತ. ಆದರೆ ರೇಷ್ಮೆಯಲ್ಲಿ ಸೂಜಿ ತೂತು ಸುಲಭಕ್ಕೆ ಮುಚ್ಚುವುದಿಲ್ಲ, ಬಿಚ್ಚಿದ ಹೊಲಿಗೆಯ ಗುರುತು ಹೊರಗೆ ಕಾಣುತ್ತದೆ. ಹೀಗಾಗಿ ಸಣ್ಣ ಸೂಜಿ, 11 ನಂಬರಿನದು. ಅಳತೆ ತಪ್ಪುವುದಿದ್ದರೆ ಅಸ್ತರದಲ್ಲೇ ತಪ್ಪಲಿ.

ಅದಕ್ಕಾಗಿ ಮೊದಲು ಬರೀ ಅಸ್ತರಕ್ಕೆ ಕಚ್ಚಾ ಹೊಲಿಗೆ ಹಾಕಿ ಇಟ್ಟಿರುತ್ತೇನೆ. ಬುಧವಾರ ಬಂದು ತೊಟ್ಟು ನೋಡ್ರಿ, ಕೈ ಮೇಲೆತ್ತಿಯೂ ನೋಡ್ರಿ. ಲಗ್ನದ ದಿನ ಒಳಗೆ ಏನು ತೊಡುತ್ತೀರೋ ಅದನ್ನೇ ತೊಟ್ಟು ಬರ್ರಿ, ಅದು ಬದಲಾದರೆ ಎದೆಯ ಟಕ್ಸಿನ ಜಾಗವೂ ಬದಲಾಗುತ್ತದೆ. ರೇಷ್ಮೆಗೆ ಕತ್ತರಿ ಆಮೇಲೆ ಹಾಕುತ್ತೇನೆ.