ಉಮ್ಮನ ಮೊದಲ ಗೂಗಲ್ ಖಾತೆ: ಅದರಲ್ಲಿ ಯಾರ ನಂಬರ್ ಇರಬೇಕು?

ಹೊಸ ಆಂಡ್ರಾಯ್ಡ್ ಫೋನ್ ಮನೆಗೆ ಬಂದಾಗ ಅದು ಮೊದಲಿಗೆ ಕೇಳುವುದು ಗೂಗಲ್ ಖಾತೆಯನ್ನು. ಖಾತೆ ಇಲ್ಲದಿದ್ದರೆ ಪ್ಲೇ ಸ್ಟೋರ್‌ನಿಂದ ವಾಟ್ಸಾಪ್ ಹಾಕಿಕೊಳ್ಳಲು ಆಗುವುದಿಲ್ಲ. ಹಾಗಾಗಿ ನಮ್ಮ ಎಷ್ಟೋ ಮನೆಗಳಲ್ಲಿ ತಾಯಂದಿರ ಮೊದಲ ಖಾತೆ ಹುಟ್ಟುವುದು ಅವಸರದಲ್ಲೇ. ಮೊಬೈಲ್ ಅಂಗಡಿಯ ಹುಡುಗ ಐದು ನಿಮಿಷದಲ್ಲಿ ಮಾಡಿಕೊಡುತ್ತಾನೆ, ಇಲ್ಲವೇ ಗಲ್ಫ್‌ನಿಂದ ರಜೆಗೆ ಬಂದ ಮಗ ವಿಮಾನ ಹತ್ತುವ ಹಿಂದಿನ ರಾತ್ರಿ ಮಾಡಿಟ್ಟು ಹೋಗುತ್ತಾನೆ. ಫೋನ್ ನಡೆಯುತ್ತದೆ. ಖಾತೆ ಮಾಡುವಾಗ ಒಂದು ಪುಟದಲ್ಲಿ ಕೇಳಿದ್ದ ಫೋನ್ ನಂಬರ್ ಯಾರದೆಂದು ಆಮೇಲೆ ಯಾರಿಗೂ ನೆನಪಿರುವುದಿಲ್ಲ.

ಇಂಥ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳೋಣ. ಮಗ ಜಿದ್ದಾದಲ್ಲಿ ಕೆಲಸಕ್ಕಿದ್ದಾನೆ. ಉಮ್ಮನ ಖಾತೆಗೆ ತನ್ನ ಸೌದಿ ನಂಬರನ್ನೇ ಕೊಟ್ಟಿದ್ದಾನೆ, ಪಾಸ್‌ವರ್ಡ್ ಕೂಡ ಅವನೇ ಇಟ್ಟದ್ದು. ಮೂರು ವರ್ಷದಲ್ಲಿ ಆ ಖಾತೆಯಲ್ಲಿ ಉಮ್ರಾದ ಫೋಟೋಗಳು, ತೀರಿಕೊಂಡ ಬಾಪನ ಕೊನೆಯ ಈದ್‌ನ ವೀಡಿಯೋ, ನೆಂಟರೆಲ್ಲರ ನಂಬರುಗಳು, ವಾಟ್ಸಾಪ್ ಚಾಟ್‌ನ ಬ್ಯಾಕಪ್ ಎಲ್ಲ ಸೇರಿಕೊಂಡಿವೆ. ಆಮೇಲೆ ಮಗ ಕೆಲಸ ಬಿಟ್ಟು ಊರಿಗೆ ಮರಳುತ್ತಾನೆ, ಸೌದಿ ಸಿಮ್ ನಿಂತುಹೋಗುತ್ತದೆ. ಮಳೆಗಾಲದಲ್ಲಿ ಒಂದು ದಿನ ಉಮ್ಮನ ಫೋನ್ ನೀರಿಗೆ ಬೀಳುತ್ತದೆ. ಹೊಸ ಫೋನ್ ತಂದು ಜಿಮೇಲ್ ವಿಳಾಸ ಬರೆದರೆ ಅದು ಪಾಸ್‌ವರ್ಡ್ ಕೇಳುತ್ತದೆ. ಮರೆತಿದೆ ಎಂದರೆ, ಕೊನೆಯ ಎರಡು ಅಂಕಿ ಮಾತ್ರ ಕಾಣುವ ಒಂದು ನಂಬರ್ ತೋರಿಸಿ, ಇದಕ್ಕೆ ಕೋಡ್ ಕಳುಹಿಸಲೇ ಎಂದು ಕೇಳುತ್ತದೆ. ಆ ಎರಡು ಅಂಕಿ ನೋಡಿದಾಗ ಮಗನಿಗೆ ತನ್ನ ಹಳೆಯ ಸೌದಿ ನಂಬರ್ ಗುರುತು ಸಿಗುತ್ತದೆ. ಅದಕ್ಕೆ ಹೋಗುವ ಕೋಡ್ ಈಗ ಯಾರಿಗೂ ಸಿಗದು, ಅಥವಾ ಆ ನಂಬರ್ ಪಡೆದ ಬೇರೆ ಯಾರಿಗೋ ಸಿಗುತ್ತದೆ. ಆಧಾರ್ ಕಾರ್ಡ್ ಹಿಡಿದು ಹೋಗಿ ಬಿಡಿಸಿಕೊಂಡು ಬರಲು ನಮ್ಮ ಊರಲ್ಲಿ ಗೂಗಲ್‌ನ ಕಚೇರಿಯೇನೂ ಇಲ್ಲ.

ಇಲ್ಲಿ ಕಾಣುವ Recovery phone, Recovery email ಎಂಬ ಎರಡು ಸಾಲುಗಳು ಕೇವಲ ವಿಳಾಸ ತುಂಬಿಸುವ ಕಾಲಂಗಳಲ್ಲ, ಅವು ಖಾತೆಯ ಎರಡನೆಯ ಬೀಗದ ಕೈ. ಆ ನಂಬರಿಗೆ ಬರುವ ಕೋಡ್ ಕೈಯಲ್ಲಿದ್ದವರು ಹಳೆಯ ಪಾಸ್‌ವರ್ಡ್ ಗೊತ್ತಿಲ್ಲದಿದ್ದರೂ ಹೊಸದನ್ನು ಇಟ್ಟು ಒಳಗೆ ಹೋಗಬಹುದು. ಅಂಗಡಿಯವನು ‘ಕೋಡ್ ಬೇಗ ಬರಲಿ’ ಎಂದು ತನ್ನ ನಂಬರ್ ಹಾಕಿದ್ದರೆ, ಮನೆಯ ಹೆಣ್ಣುಮಕ್ಕಳ ಫೋಟೋಗಳಿರುವ ಪೆಟ್ಟಿಗೆಯ ಒಂದು ಕೀಲಿ ಅಂಗಡಿಯಲ್ಲೇ ಉಳಿಯಿತೆಂದು ಅರ್ಥ. ಅವನು ಒಳ್ಳೆಯವನೇ ಇರಬಹುದು. ಆದರೂ ಆ ಕೀಲಿ ಅಲ್ಲಿರಬೇಕಾದದ್ದಲ್ಲ.

ಹಾಗಾದರೆ ಯಾರ ನಂಬರ್ ಕೊಡಬೇಕು? ಉಮ್ಮನದೇ. ಆದರೆ ಕೊಡುವ ಮೊದಲು ಆ ಸಿಮ್ ಯಾರ ಹೆಸರಲ್ಲಿದೆ ಎಂದು ವಿಚಾರಿಸಿಕೊಳ್ಳಿ. ನಮ್ಮಲ್ಲಿ ಎಷ್ಟೋ ತಾಯಂದಿರ ಸಿಮ್ ಅಳಿಯನ ಹೆಸರಲ್ಲೋ, ಎಂದೋ ಕೊಡಿಸಿದ ನೆಂಟರ ಹೆಸರಲ್ಲೋ ಇರುತ್ತದೆ. ಫೋನ್ ಕಳೆದಾಗ ಅದೇ ನಂಬರಿನ ಬದಲಿ ಸಿಮ್ ಸಿಗುವುದು ದಾಖಲೆಯಲ್ಲಿ ಹೆಸರಿರುವವರಿಗೆ, ಅವರ ಗುರುತಿನ ಚೀಟಿ ತೋರಿಸಿದ ಮೇಲೆ. ಬದಲಿ ಸಿಮ್ ಚಾಲೂ ಆದ ಮೇಲೂ ಮೊದಲ 24 ಗಂಟೆ ಎಸ್‌ಎಂಎಸ್ ಬರುವುದಿಲ್ಲ. ಮೋಸಗಾರರು ಇನ್ನೊಬ್ಬರ ಸಿಮ್ ತೆಗೆದು ಬ್ಯಾಂಕಿನ ಒಟಿಪಿ ಕದಿಯದಿರಲೆಂದು ಇರುವ ನಿಯಮ ಅದು. ಆ ಒಂದು ದಿನ ಕೋಡ್ ಬರಲಿಲ್ಲವೆಂದು ಮತ್ತೆ ಮತ್ತೆ ಒತ್ತದೆ ಕಾಯಬೇಕು.

ರೀಚಾರ್ಜ್ ಮಾಡದೆ ಬಿಟ್ಟ ನಂಬರನ್ನಂತೂ ಕೊಡಲೇಬಾರದು. ಭಾರತದಲ್ಲಿ ರದ್ದಾದ ನಂಬರನ್ನು ಕನಿಷ್ಠ 90 ದಿನ ಬೇರೆಯವರಿಗೆ ಕೊಡುವುದಿಲ್ಲ. ಆ ಅವಧಿ ಕಳೆದ ಮೇಲೆ ಕೊಡಬಹುದು. ಅಂದರೆ ಬಿಟ್ಟ ನಂಬರ್ ಸುಮ್ಮನೆ ಸಾಯುವುದಿಲ್ಲ, ಗುರುತಿಲ್ಲದ ಒಬ್ಬರ ಕೈಗೆ ಹೋಗುತ್ತದೆ.

ಎರಡನೆಯ ಸಾಲು ಇಮೇಲ್. ಉಮ್ಮನ ನಂಬರ್ ಇರುವುದು ಉಮ್ಮನ ಫೋನಿನಲ್ಲೇ. ಫೋನ್ ಕಳೆದರೆ ಎರಡೂ ಒಟ್ಟಿಗೆ ಹೋಗುತ್ತವೆ. ಆದ್ದರಿಂದ ಇಮೇಲ್ ಬೇರೆಯವರದಿರಬೇಕು: ದಿನವೂ ತಮ್ಮ ಮೇಲ್ ನೋಡುವ, ಮನೆಯ ಗುಟ್ಟನ್ನು ಒಪ್ಪಿಸಬಹುದಾದ ಮಗಳೋ ಮಗನೋ. ಗಲ್ಫ್‌ನಲ್ಲಿರುವ ಮಗನ ಇಮೇಲ್ ಕೊಡಲು ಅಡ್ಡಿಯಿಲ್ಲ, ಸಿಮ್ ಬದಲಾದರೂ ಇಮೇಲ್ ಬದಲಾಗದು. ಈ ಕೆಲಸಕ್ಕೆಂದೇ ಇನ್ನೊಂದು ಜಿಮೇಲ್ ತೆರೆದು ಯಾರೂ ನೋಡದೆ ಬಿಡುವ ಪದ್ಧತಿ ಮಾತ್ರ ಬೇಡ. ಎರಡು ವರ್ಷ ಬಳಸದ ಖಾತೆಯನ್ನು ಗೂಗಲ್ ಅಳಿಸಿಹಾಕಬಹುದು.

ಈಗ ಖಾತೆ ಮಾಡುವುದಕ್ಕೇ ಬರೋಣ. ಫೋನ್ ಉಮ್ಮನ ಕೈಯಲ್ಲಿರಲಿ, ಪಕ್ಕದಲ್ಲಿ ಕುಳಿತವರು ಹೇಳಿಕೊಡಲಿ. Settings ಒಳಗೆ ಖಾತೆಗಳಿರುವಲ್ಲಿ ಗೂಗಲ್ ಆರಿಸಿ Create account ಒತ್ತಿದರೆ ಮೊದಲು ಹೆಸರು ಕೇಳುತ್ತದೆ. ಉಮ್ಮ ಯಾರಿಗೆ ಮೇಲ್ ಕಳುಹಿಸಿದರೂ ಅವರಿಗೆ ಕಾಣುವ ಹೆಸರಿದು. ಮನೆತನದ ಹೆಸರು ಬೇಡವೆಂದರೆ ಖಾಲಿ ಬಿಡಬಹುದು. ಹುಟ್ಟಿದ ದಿನಾಂಕ ನಿಜವಾದದ್ದೇ ಕೊಡಿ. ಅವಸರದಲ್ಲಿ ಈಚಿನ ಒಂದು ವರ್ಷ ಒತ್ತಿಬಿಟ್ಟರೆ ಗೂಗಲ್ ಅದನ್ನು ಮಗುವಿನ ಖಾತೆಯೆಂದು ತಿಳಿಯುತ್ತದೆ.

ಪಾಸ್‌ವರ್ಡ್ ಕನಿಷ್ಠ ಎಂಟು ಅಕ್ಷರ ಇರಬೇಕು. ಮೊಮ್ಮಗನ ಹೆಸರು, ಫೋನ್ ನಂಬರ್, 786 ಇವು ಮೂರೂ ಬೇಡ, ಊಹಿಸುವವರು ಮೊದಲು ಒತ್ತಿ ನೋಡುವುದೇ ಇವನ್ನು. ಒಂದಕ್ಕೊಂದು ಸಂಬಂಧವಿಲ್ಲದ ಮೂರು ನಾಲ್ಕು ಮನೆಮಾತಿನ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಜೋಡಿಸಿದರೆ ಉದ್ದವೂ ಆಯಿತು, ನೆನಪಿಡಲೂ ಸುಲಭ. ‘ಪಾಸ್‌ವರ್ಡ್ ಎಲ್ಲೂ ಬರೆಯಬೇಡಿ’ ಎಂಬ ಉಪದೇಶ ಮೊದಲ ಖಾತೆಯ ಅರುವತ್ತರ ತಾಯಿಗೆ ಹೊಂದುವುದಿಲ್ಲ ಎಂದೇ ನಮ್ಮ ಅಭಿಪ್ರಾಯ. ಚೀಟಿಯಲ್ಲಿ ಬರೆದು ರೇಷನ್ ಕಾರ್ಡಿನ ಜೊತೆ ಕಪಾಟಿನಲ್ಲಿಡಿ. ಫೋನಿನ ಕವರ್ ಒಳಗೆ ಮಾತ್ರ ಇಡಬೇಡಿ.

ಆಮೇಲೆ ಫೋನ್ ನಂಬರ್ ಸೇರಿಸಲೇ ಎಂಬ ಪುಟ ಬರುತ್ತದೆ. ಇದನ್ನು Skip ಮಾಡುವವರಿದ್ದಾರೆ, ಅದೇ ಮುಂದೆ ಮುಳುವಾಗುತ್ತದೆ. ಹಾಗೆಂದು ಮೊದಲು ಕಾಣುವ ಒಪ್ಪಿಗೆಯ ಗುಂಡಿಯನ್ನೂ ಒತ್ತಬೇಡಿ. ಅದನ್ನು ಒತ್ತಿದರೆ ನಂಬರ್ ಭದ್ರತೆಗೆ ಮಾತ್ರವಲ್ಲದೆ ಜಾಹೀರಾತು ಸೇರಿದಂತೆ ಗೂಗಲ್‌ನ ಬೇರೆ ಸೇವೆಗಳಿಗೂ ಬಳಕೆಯಾಗುತ್ತದೆ. ಕೆಳಗಿರುವ More options ಒತ್ತಿದರೆ, ನಂಬರನ್ನು ಖಾತೆಯ ಭದ್ರತೆಗೆ ಮಾತ್ರ ಬಳಸಿ ಎನ್ನುವ ಆಯ್ಕೆ ಸಿಗುತ್ತದೆ. ಅದನ್ನೇ ಆರಿಸಿ. ಫೋನಿನಿಂದ ಫೋನಿಗೆ ಪುಟಗಳ ಕ್ರಮ ಸ್ವಲ್ಪ ಹಿಂದೆ ಮುಂದೆ ಇರಬಹುದು.

ಕೊನೆಯಲ್ಲಿ ಉದ್ದನೆಯ ಷರತ್ತುಗಳ ಪುಟ ಬರುತ್ತದೆ. ಎಲ್ಲರೂ ಕೆಳಗೆ ಸರಿಸಿ ‘ಒಪ್ಪಿದೆ’ ಒತ್ತುವ ಜಾಗವದು. ಅಲ್ಲೂ More options ಅಥವಾ Manual ಎಂಬುದು ಇದ್ದರೆ ತೆರೆದು ನೋಡಿ. Web & App Activity ಎಂದರೆ ನಾವು ಗೂಗಲ್‌ನಲ್ಲಿ ಹುಡುಕಿದ್ದರ ದಾಖಲೆ, YouTube History ಎಂದರೆ ಯೂಟ್ಯೂಬ್‌ನಲ್ಲಿ ನೋಡಿದ್ದರ ದಾಖಲೆ. ಇದು ಊರವರಿಗೆ ಕಾಣುವುದಿಲ್ಲ, ಕಂಪನಿಗೆ ಕಾಣುತ್ತದೆ. ಆದರೆ ಒಂದೇ ಫೋನನ್ನು ಸೊಸೆ, ಮಕ್ಕಳು, ಅತ್ತೆ ಎಲ್ಲರೂ ಹಿಡಿಯುವ ಮನೆಯಲ್ಲಿ, ತನ್ನ ಕಾಯಿಲೆಯ ಬಗ್ಗೆ ಉಮ್ಮ ಏನು ಹುಡುಕಿದರೆಂದು ಮುಂದೆ ಫೋನ್ ಹಿಡಿದವರಿಗೂ ಕಂಡೀತು. ಪೂರ್ತಿ ನಿಲ್ಲಿಸಿದರೆ, ನಿನ್ನೆ ಅರ್ಧ ಕೇಳಿದ ಬಯಾನ್ ಯಾವುದೆಂದು ಯೂಟ್ಯೂಬ್ ನೆನಪಿಸುವುದಿಲ್ಲ. ಹಾಗಾಗಿ ದಾಖಲೆ ಇರಲಿ, ಆದರೆ ತಾನಾಗಿ ಅಳಿಯಲಿ ಎನ್ನುವುದು ನಮ್ಮ ಸಲಹೆ. 3, 18, 36 ತಿಂಗಳು ಎಂಬ ಆಯ್ಕೆಗಳಿವೆ. ತಾನಾಗಿ ಬರುವುದು Web & App Activityಗೆ 18, ಯೂಟ್ಯೂಬ್‌ಗೆ 36. ಎರಡನ್ನೂ 3ಕ್ಕೆ ಇಳಿಸಿ. ಖಾತೆ ಮಾಡುವಾಗ 3 ಸಿಗದಿದ್ದರೆ ಆಮೇಲೆ ಸೆಟ್ಟಿಂಗ್‌ನಲ್ಲಿ ಬದಲಿಸಬಹುದು. ವೈಯಕ್ತಿಕ ಜಾಹೀರಾತನ್ನು ನಿಲ್ಲಿಸಿದರೆ ಕಳೆದುಕೊಳ್ಳುವಂಥದ್ದೇನೂ ಇಲ್ಲ. ಜಾಹೀರಾತು ಬರುವುದು ನಿಲ್ಲುವುದಿಲ್ಲ, ನಮ್ಮನ್ನು ಹಿಂಬಾಲಿಸಿ ಬರುವುದು ಕಡಿಮೆಯಾಗುತ್ತದೆ, ಅಷ್ಟೆ.

ಪ್ರೊಫೈಲ್ ಫೋಟೋ ಬಗ್ಗೆ ಹಲವು ಸಹೋದರಿಯರು ಕೇಳುವುದುಂಟು. ಅದು ಕಡ್ಡಾಯವಲ್ಲ. ಹಾಕದಿದ್ದರೆ ಹೆಸರಿನ ಮೊದಲ ಅಕ್ಷರ ಕಾಣುತ್ತದೆ. ಹಾಕಿದರೆ ಅದು ಮೇಲ್ ಪಡೆದ ಅಪರಿಚಿತರಿಗೂ ಕಾಣುತ್ತದೆ, ವಾಟ್ಸಾಪ್‌ನ ಹಾಗೆ ‘ನನ್ನ ಕಾಂಟ್ಯಾಕ್ಟ್‌ಗಳಿಗೆ ಮಾತ್ರ’ ಎಂದುಕೊಂಡು ಹಾಕಬೇಡಿ. ಹುಟ್ಟಿದ ದಿನಾಂಕವನ್ನು ಯಾರು ನೋಡಬಹುದು ಎಂಬಲ್ಲಿ Only you ಇದೆಯೇ ಎಂದು ನೋಡಿದರೆ ಸಾಕು.

ಖಾತೆ ಆಯಿತು, ಆದರೆ ಇಮೇಲ್ ಸಾಲು ಇನ್ನೂ ಖಾಲಿ ಇರಬಹುದು. Settings ಒಳಗೆ Google, ಅಲ್ಲಿಂದ Manage your Google Account ತೆರೆದು ಭದ್ರತೆಯ ಪುಟಕ್ಕೆ ಹೋಗಿ. Recovery phone ಎದುರು ಉಮ್ಮನ ನಂಬರ್, Recovery email ಎದುರು ಮಗಳ ವಿಳಾಸ ಅಕ್ಷರ ತಪ್ಪಿಲ್ಲದೆ ಇದೆಯೇ ಎಂದು ಓದಿ ನೋಡಿ. ಅದೇ ಪುಟದಲ್ಲಿ Your devices ಎಂಬಲ್ಲಿ ಈ ಖಾತೆ ಯಾವ ಯಾವ ಫೋನಿನಲ್ಲಿ ತೆರೆದಿದೆ ಎಂಬ ಪಟ್ಟಿ ಇರುತ್ತದೆ. ಅಂಗಡಿಯಲ್ಲಿ ಮಾಡಿಸಿದ ಖಾತೆಯಾದರೆ ಗುರುತಿಲ್ಲದ ಫೋನ್ ಅಲ್ಲಿ ಕಂಡೀತು. ಅದನ್ನು ಒತ್ತಿ Sign out ಮಾಡಿ, ಪಾಸ್‌ವರ್ಡ್ ಬದಲಿಸಿ.

ಇನ್ನೊಂದು ಕಾವಲು 2-Step Verification. ಅದನ್ನು ಚಾಲೂ ಮಾಡಿದರೆ ಪಾಸ್‌ವರ್ಡ್ ಕದ್ದವನಿಗೂ ಎರಡನೆಯ ಪುರಾವೆ ಬೇಕಾಗುತ್ತದೆ. ಆಗ Backup codes ಎಂಬಲ್ಲಿ ಎಂಟು ಅಂಕಿಯ ಹತ್ತು ಕೋಡ್‌ಗಳನ್ನು ಪಡೆಯಬಹುದು, ಒಂದೊಂದು ಒಂದೇ ಸಲಕ್ಕೆ. ಅವನ್ನು ಬರೆದು ಪಾಸ್‌ವರ್ಡ್ ಚೀಟಿಯಿಂದ ಬೇರೆ ಕಡೆ ಇಡಿ. ಫೋನೂ ಸಿಮ್ಮೂ ಇಲ್ಲದ ದಿನ ಈ ಕಾವಲನ್ನು ದಾಟಲು ಅವು ಬೇಕಾಗುತ್ತವೆ.

ಉಮ್ಮನಿಗೆ ಒಂದು ಗುರುತು ಹೇಳಿಕೊಡಿ. G- ಎಂದು ಶುರುವಾಗುವ ಕೋಡ್ ಎಸ್‌ಎಂಎಸ್‌ನಲ್ಲಿ ಬಂದರೆ ಅದು ಗೂಗಲ್ ಖಾತೆಯದು. ತಾನು ಏನೂ ಮಾಡದಿರುವಾಗ ಅದು ಬಂತೆಂದರೆ ಬೇರೆ ಯಾರೋ ಉಮ್ಮನ ನಂಬರ್ ಹಾಕಿ ಏನನ್ನೋ ತೆರೆಯಲು ನೋಡುತ್ತಿದ್ದಾರೆ. ಕೋಡ್ ಯಾರಿಗೂ ಹೇಳದಿದ್ದರೆ ಅವರ ಕೆಲಸ ಅಲ್ಲಿಗೇ ನಿಲ್ಲುತ್ತದೆ. ‘ತಪ್ಪಿ ನಿಮಗೆ ಬಂದಿದೆ, ಓದಿ ಹೇಳಿ ಇತ್ತಾ’ ಎಂದು ಕೇಳುವ ಕರೆ ನೆಂಟರ ಹೆಸರಲ್ಲಿ ಬಂದರೂ ಹೇಳುವಂತಿಲ್ಲ.

ಈಗಾಗಲೇ ಮಾಡಿಟ್ಟ ಖಾತೆಯಲ್ಲಿ ಗಲ್ಫ್‌ನ ನಂಬರೋ ಅಂಗಡಿಯ ನಂಬರೋ ಇದ್ದರೆ, ಫೋನ್ ಸರಿಯಿರುವಾಗಲೇ ಅದೇ ಪುಟದಲ್ಲಿ ಬದಲಿಸಿ. ಬದಲಿಸಿದ ಮೇಲೂ ಏಳು ದಿನ ಹಳೆಯ ನಂಬರಿಗೆ ಕೋಡ್ ಕಳುಹಿಸುವ ಅವಕಾಶವನ್ನು ಗೂಗಲ್ ಉಳಿಸಿಕೊಂಡಿರಬಹುದು. ಕದ್ದವನು ಒಳಹೊಕ್ಕು ನಂಬರ್ ಬದಲಿಸಿದರೂ ನಿಜವಾದ ಒಡೆಯನಿಗೆ ಮರಳುವ ದಾರಿ ಇರಲೆಂದು ಈ ಏರ್ಪಾಡು. ಹಾಗಾಗಿ ಜಿದ್ದಾದಿಂದ ಹೊರಡುವ ಮಗ ಉಮ್ಮನ ಖಾತೆಯ ನಂಬರನ್ನು ಕನಿಷ್ಠ ಒಂದು ವಾರ ಮುಂಚೆ ಬದಲಿಸಿ, ಆಮೇಲೆ ತನ್ನ ಸಿಮ್ ಬಿಡಲಿ.